ಅರವತ್ತು ಪದ ಇಪ್ಪತ್ತಕ್ಕೆ ಇಳಿಯುವಾಗ

ಭಾನುವಾರದ ಪತ್ರಿಕೆಯ ವಧು-ವರರ ಅಂಕಣದಲ್ಲಿ ಜಾಹೀರಾತಿನ ಬೆಲೆ ಸಾಮಾನ್ಯವಾಗಿ ಪದದ ಲೆಕ್ಕದಲ್ಲಿ, ಕೆಲವೆಡೆ ಸಾಲಿನ ಲೆಕ್ಕದಲ್ಲಿ ನಿಗದಿಯಾಗುತ್ತದೆ. ಇಷ್ಟು ಪದಕ್ಕೆ ಇಷ್ಟು ದುಡ್ಡು, ಅದು ಮೀರಿದರೆ ಪ್ರತಿ ಪದಕ್ಕೂ ಹೆಚ್ಚುವರಿ ಹಣ, ಅದರ ಮೇಲೆ ತೆರಿಗೆ. ಹನುಮಂತನಗರ, ಗವಿಪುರ, ಶ್ರೀನಗರದ ಮನೆಗಳಿಂದ ಏಜೆನ್ಸಿಯ ಕೌಂಟರಿಗೆ ಬರುವ ಒಕ್ಕಣೆ ಈ ಮಿತಿಯನ್ನು ಎರಡು ಮೂರು ಪಟ್ಟು ಮೀರಿರುವುದೇ ಹೆಚ್ಚು. ಆಗ ಏನನ್ನು ಹೊಡೆದುಹಾಕಬೇಕು, ಏನನ್ನು ಮುಟ್ಟಬಾರದು ಎಂಬುದಕ್ಕೆ ಒಂದು ಒರೆಗಲ್ಲು ಇದೆ. ಆ ಪದ ಇಲ್ಲದಿದ್ದಾಗ ಓದುವವರು ಏನೆಂದುಕೊಳ್ಳುತ್ತಾರೆ ಎಂದು ನೋಡಬೇಕು. ಇದ್ದುದನ್ನೇ ಅಂದುಕೊಳ್ಳುವಂತಿದ್ದರೆ ಪದ ಹೋಗಬಹುದು, ಬೇರೇನೋ ಅಂದುಕೊಳ್ಳುವಂತಿದ್ದರೆ ಉಳಿಯಲೇಬೇಕು.

ಮಾದರಿಗೆಂದು ಬರೆದ ಒಂದು ಒಕ್ಕಣೆಯನ್ನು ನೋಡಬಹುದು: ‘ಬೆಂಗಳೂರಿನ ಹನುಮಂತನಗರದ ಸಂಪ್ರದಾಯಸ್ಥ ಗೌರವಾನ್ವಿತ ಕುಟುಂಬದ, ಸ್ಮಾರ್ತ ಬ್ರಾಹ್ಮಣ, ಬಬ್ಬೂರುಕಮ್ಮೆ ಪಂಗಡದ, ಭಾರದ್ವಾಜ ಗೋತ್ರದ, ರೋಹಿಣಿ ನಕ್ಷತ್ರ, ವೃಷಭ ರಾಶಿಯ, 28 ವರ್ಷ ವಯಸ್ಸಿನ, 5 ಅಡಿ 3 ಅಂಗುಲ ಎತ್ತರದ, ಬಿ.ಇ. ಪದವಿ ಪಡೆದು ಖಾಸಗಿ ಕಂಪನಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿ ಕೆಲಸ ಮಾಡುತ್ತಿರುವ, ಲಕ್ಷಣವಾದ, ಸಂಗೀತ ಬಲ್ಲ, ಗೃಹಕೃತ್ಯದಲ್ಲಿ ನಿಪುಣಳಾದ ಕನ್ಯೆಗೆ, ಬೆಂಗಳೂರಿನಲ್ಲೇ ಕೆಲಸದಲ್ಲಿರುವ, 33 ವರ್ಷದೊಳಗಿನ, ಪದವೀಧರ, ಸದ್ಗುಣಿ ಸ್ಮಾರ್ತ ವರ ಬೇಕಾಗಿದ್ದಾನೆ. ಒಳಪಂಗಡದ ನಿರ್ಬಂಧವಿಲ್ಲ. ಆಸಕ್ತರು ಜಾತಕ ಮತ್ತು ಭಾವಚಿತ್ರದೊಂದಿಗೆ ಈ ಕೆಳಗಿನ ಮೊಬೈಲ್ ಸಂಖ್ಯೆಗೆ ಸಂಪರ್ಕಿಸಿ.’ ಕೊನೆಯ ಫೋನ್ ಸಂಖ್ಯೆಯನ್ನು ಒಂದು ಪದವೆಂದು ಹಿಡಿದರೆ ಒಟ್ಟು 60 ಪದ. ಮಿತಿ 20 ಎಂದಿಟ್ಟುಕೊಳ್ಳೋಣ.

ಮೊದಲು ಹೋಗುವುದು ಹೊಗಳಿಕೆ. ಸಂಪ್ರದಾಯಸ್ಥ, ಗೌರವಾನ್ವಿತ, ಲಕ್ಷಣವಾದ, ನಿಪುಣಳಾದ, ಸದ್ಗುಣಿ ಎಂಬ ಮಾತುಗಳು ಪಕ್ಕದ ಹತ್ತು ಜಾಹೀರಾತುಗಳಲ್ಲೂ ಇರುತ್ತವೆ. ಅವನ್ನು ಓದಿ ಯಾರೂ ಫೋನ್ ಮಾಡುವುದಿಲ್ಲ, ಅವು ಇಲ್ಲವೆಂದು ಯಾರೂ ಬಿಡುವುದೂ ಇಲ್ಲ. ಸಂಗೀತದ ಮಾತು ನಿಜವಾದ ವಿವರವೇ. ಆದರೆ ಸಂಬಂಧ ಕೂಡುವುದು, ತಪ್ಪುವುದು ಅದರ ಮೇಲೆ ನಿಂತಿಲ್ಲ, ಮೊದಲ ಫೋನ್ ಕರೆಯಲ್ಲಿ ಹೇಳಿದರೆ ಸಾಕು. ‘ಬೇಕಾಗಿದ್ದಾನೆ’ ಎಂಬುದು ಅಂಕಣದ ತಲೆಬರಹದಲ್ಲೇ ಇದೆ. ‘ಆಸಕ್ತರು ಈ ಕೆಳಗಿನ ಸಂಖ್ಯೆಗೆ ಸಂಪರ್ಕಿಸಿ’ ಎನ್ನುವುದನ್ನು ಸಂಖ್ಯೆಯೇ ಹೇಳುತ್ತದೆ. ಊರು, ಬಡಾವಣೆಯ ಹೆಸರು ಮೊದಲಲ್ಲಿ ಇರಲೇಬಾರದು. ಅಂಕಣದ ಮೇಲೆ ಬೆರಳಾಡಿಸುವವರು ಮೊದಲ ಪದವನ್ನಷ್ಟೇ ನೋಡಿ ಮುಂದೆ ಹೋಗುತ್ತಾರೆ. ಆ ಜಾಗ ಅವರು ಹುಡುಕುತ್ತಿರುವ ಸಮುದಾಯದ ಹೆಸರಿಗೆ ಸಲ್ಲಬೇಕು.

ಎರಡನೆಯ ಸುತ್ತಿನಲ್ಲಿ, ಒಂದು ಪದದೊಳಗೆ ಇನ್ನೊಂದು ಅಡಗಿರುವ ಜಾಗಗಳು ಸಿಗುತ್ತವೆ. ಸ್ಮಾರ್ತ ಎಂದ ಮೇಲೆ ಬ್ರಾಹ್ಮಣ ಬೇಕಿಲ್ಲ. ಬಬ್ಬೂರುಕಮ್ಮೆಯ ಪಕ್ಕದಲ್ಲಿ ಭಾರದ್ವಾಜ ಎಂದಿದ್ದರೆ ಅದು ಗೋತ್ರವೆಂದು ಈ ಅಂಕಣ ಓದುವ ಎಲ್ಲರಿಗೂ ಗೊತ್ತು. ಆದರೆ ಭಾರದ್ವಾಜ ಎಂಬ ಪದ ಮಾತ್ರ ಹೋಗಬಾರದು. ಅದನ್ನು ಕಂಡ ಸಗೋತ್ರದವರು ತಾವಾಗಿಯೇ ಹಿಂದೆ ಸರಿಯುತ್ತಾರೆ, ಹಲವು ಕರೆಗಳು ಉಳಿಯುತ್ತವೆ.

ನಕ್ಷತ್ರದ ವಿಷಯದಲ್ಲಿ ಸ್ವಲ್ಪ ಲೆಕ್ಕ ಬೇಕು. 27 ನಕ್ಷತ್ರಗಳಿಗೆ ತಲಾ ನಾಲ್ಕು ಪಾದ, ಒಂದೊಂದು ರಾಶಿಗೆ ಒಂಬತ್ತು ಪಾದ. ಹೀಗಾಗಿ 18 ನಕ್ಷತ್ರಗಳು ಪೂರ್ತಿಯಾಗಿ ಒಂದೇ ರಾಶಿಯಲ್ಲಿ ಬರುತ್ತವೆ, ಉಳಿದ ಒಂಬತ್ತು ಎರಡು ರಾಶಿಗಳಿಗೆ ಹಂಚಿಹೋಗುತ್ತವೆ. ರೋಹಿಣಿಯ ನಾಲ್ಕೂ ಪಾದ ವೃಷಭದಲ್ಲೇ ಇರುವುದರಿಂದ ‘ವೃಷಭ ರಾಶಿಯ’ ಎಂಬ ಎರಡು ಪದ ನಿಶ್ಚಿಂತೆಯಿಂದ ಹೋಗಬಹುದು. ಹುಡುಗಿಯದು ಮೃಗಶಿರಾ ಆಗಿದ್ದರೆ ಹಾಗೆ ಮಾಡಲಾಗದು, ಏಕೆಂದರೆ ಮೊದಲೆರಡು ಪಾದ ವೃಷಭಕ್ಕೆ, ಕೊನೆಯೆರಡು ಮಿಥುನಕ್ಕೆ ಸೇರುತ್ತವೆ. ಅಲ್ಲಿ ‘ಮೃಗಶಿರಾ 3’ ಎಂದು ಪಾದದ ಅಂಕಿ ಹಾಕಿದರೆ ಮಿಥುನ ಎಂದು ಬೇರೆಯಾಗಿ ಹೇಳಬೇಕಾಗುವುದಿಲ್ಲ. ಕೃತ್ತಿಕಾ, ಪುನರ್ವಸು, ಚಿತ್ತಾ, ವಿಶಾಖಾ, ಧನಿಷ್ಠಾ ನಕ್ಷತ್ರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮೂಲಾ ಅಥವಾ ಆಶ್ಲೇಷಾ ಎಂದು ಬರೆದರೆ ಯಾರೂ ಬರುವುದಿಲ್ಲವೆಂದು ಹೆದರಿ ನಕ್ಷತ್ರವನ್ನೇ ಬಿಡುವ ಮನೆಗಳಿವೆ. ಇದರಿಂದ ಪದ ಉಳಿದರೂ ಪ್ರಯೋಜನವಿಲ್ಲ. ಜಾತಕ ಕೈಗೆ ಸಿಕ್ಕ ಕೂಡಲೇ ಅಂಥ ಮಾತುಕತೆ ನಿಲ್ಲುತ್ತದೆ, ಹುಡುಗಿಗೆ ಇನ್ನೊಂದು ನಿರಾಸೆ ಉಳಿಯುತ್ತದೆ.

ಇಷ್ಟಾದ ಮೇಲೆ ಉಳಿಯುವ ರೂಪ ಇದು: ‘ಸ್ಮಾರ್ತ ಬಬ್ಬೂರುಕಮ್ಮೆ, ಭಾರದ್ವಾಜ, ರೋಹಿಣಿ, 28, 5'3", ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್ ಕನ್ಯೆಗೆ ಬೆಂಗಳೂರಿನಲ್ಲಿರುವ 33ರೊಳಗಿನ ಪದವೀಧರ ಸ್ಮಾರ್ತ ವರ. ಒಳಪಂಗಡ ನಿರ್ಬಂಧವಿಲ್ಲ. ಜಾತಕ ವಾಟ್ಸ್‌ಆ್ಯಪ್:’ ಮತ್ತು ಸಂಖ್ಯೆ. ಸರಿಯಾಗಿ 20 ಪದ.

ಇಲ್ಲಿ ಉಳಿಸಿಕೊಂಡ ಕೆಲವು ಪದಗಳು ದುಬಾರಿಯಾಗಿ ಕಾಣಬಹುದು. ‘ಒಳಪಂಗಡ ನಿರ್ಬಂಧವಿಲ್ಲ’ ಎಂಬ ಎರಡು ಪದಗಳ ಮೇಲೆ ಕೌಂಟರಿನಲ್ಲಿ ಮೊದಲು ಕಣ್ಣು ಬೀಳುತ್ತದೆ. ಅವು ಹೋದರೆ ಮುಲಕನಾಡಿನವರು, ಹೊಯ್ಸಳ ಕರ್ನಾಟಕದವರು ‘ಇವರಿಗೆ ತಮ್ಮ ಪಂಗಡವೇ ಬೇಕೇನೋ’ ಎಂದುಕೊಂಡು ಪುಟ ತಿರುಗಿಸುತ್ತಾರೆ. ‘ಬೆಂಗಳೂರಿನಲ್ಲಿರುವ’ ಎಂಬುದನ್ನು ‘ಬೆಂಗಳೂರಿನ’ ಎಂದು ಮೊಟಕು ಮಾಡಿದರೆ ಪದ ಉಳಿಯುವುದಿಲ್ಲ, ಅರ್ಥ ಮಾತ್ರ ಕೆಡುತ್ತದೆ: ಹಾಸನದಿಂದ ಬಂದು ಇಲ್ಲಿ ಕೆಲಸ ಮಾಡುವ ಹುಡುಗನ ಮನೆಯವರು ತಮಗಲ್ಲವೆಂದು ಬಿಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾದುದು ‘ಕನ್ಯೆಗೆ’ ಎಂಬಲ್ಲಿನ ‘ಗೆ’. ಅದರ ಹಿಂದಿರುವುದೆಲ್ಲ ಹುಡುಗಿಯ ವಿವರ, ಮುಂದಿರುವುದೆಲ್ಲ ವರನಿಂದ ಬಯಸುವುದು. ಆ ವಿಭಕ್ತಿ ಪ್ರತ್ಯಯ ಬಿಟ್ಟುಹೋದರೆ 28 ಯಾರ ವಯಸ್ಸು, 33 ಯಾರದು ಎಂದೇ ತಿಳಿಯದು. ಮರುಮದುವೆಯಾದರೆ ‘ವಿಚ್ಛೇದಿತೆ’ ಅಥವಾ ‘ವಿಧವೆ’, ಮಗುವಿದ್ದರೆ ಆ ಮಾತೂ ಇರಲೇಬೇಕು. ಅಲ್ಲಿ ಮೌನಕ್ಕೆ ಮೊದಲ ಮದುವೆ ಎಂದೇ ಅರ್ಥ.

ಪದಗಳನ್ನು ಜಾಗವಿಲ್ಲದೆ ಅಂಟಿಸಿ ಲೆಕ್ಕ ಕಡಿಮೆ ಮಾಡುವ ಉಪಾಯ ಬಹಳ ದೂರ ಹೋಗುವುದಿಲ್ಲ. ‘33ರೊಳಗಿನ’ ಕನ್ನಡಕ್ಕೆ ಸಹಜವಾದ ಒಂದು ಪದ. ‘ಸಾಫ್ಟ್‌ವೇರ್‌ಎಂಜಿನಿಯರ್‌ಕನ್ಯೆಗೆ’ ಎಂದು ಹೊಸೆದರೆ ಎಣಿಸುವವರು ಮೂರೆಂದೇ ಎಣಿಸುತ್ತಾರೆ. ಎಣಿಸದಿದ್ದರೆ ಓದುವವರು ಎಡವುತ್ತಾರೆ.

ಮಿತಿಯಿರಲಿ, ಇಲ್ಲದಿರಲಿ, ಹೊಡೆದುಹಾಕಲೇಬೇಕಾದ ಮಾತೂ ಒಂದಿದೆ. ಒಬ್ಬಳೇ ಮಗಳು, ಮದುವೆಯಾಗುವವರಿಗೆ ಸೈಟು ಕೊಡುತ್ತೇವೆ ಎಂಬಂಥ ಆಮಿಷ. 1961ರ ವರದಕ್ಷಿಣೆ ನಿಷೇಧ ಕಾಯ್ದೆಗೆ 1986ರಲ್ಲಿ ಸೇರಿದ 4ಎ ಕಲಮಿನ ಪ್ರಕಾರ, ಮಗನ ಅಥವಾ ಮಗಳ ಮದುವೆಗೆ ಪ್ರತಿಫಲವಾಗಿ ಆಸ್ತಿ, ಹಣ, ವ್ಯಾಪಾರದಲ್ಲಿ ಪಾಲು ಕೊಡುವುದಾಗಿ ಜಾಹೀರಾತು ನೀಡುವುದು ಅಪರಾಧ. ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸ ಅಥವಾ 15,000 ರೂಪಾಯಿವರೆಗೆ ದಂಡ ವಿಧಿಸಬಹುದು. ಅದನ್ನು ಮುದ್ರಿಸಿದವರಿಗೂ ಪ್ರಕಟಿಸಿದವರಿಗೂ ಈ ಹೊಣೆ ತಪ್ಪಿದ್ದಲ್ಲ.

ಮನೆ ಬಾಡಿಗೆಯ ಜಾಹೀರಾತಿಗೂ ಇದೇ ಒರೆಗಲ್ಲು ಸಾಕು, ಫಲ ಮಾತ್ರ ಬೇರೆ. ಅಲ್ಲಿ ‘ಹನುಮಂತನಗರ’ ಮೊದಲ ಪದವಾಗುತ್ತದೆ. ‘ಸುಸಜ್ಜಿತ’, ‘ಪ್ರಶಾಂತ ವಾತಾವರಣ’ ಹೋಗುತ್ತವೆ. ಎಷ್ಟನೇ ಮಹಡಿ, ಕಾವೇರಿ ನೀರು ಇದೆಯೇ ಎಂಬುದು ಉಳಿಯುತ್ತದೆ. ‘ಭೋಗ್ಯಕ್ಕೆ’ ಎಂಬ ಪದವನ್ನು ಬಿಟ್ಟರೆ ತಿಂಗಳ ಬಾಡಿಗೆಯೆಂದು ತಿಳಿದವರೇ ಫೋನ್ ಮಾಡುತ್ತಾರೆ.

ಕಡಿತ ಮುಗಿದ ಮೇಲೆ ಚೀಟಿಯನ್ನು ಆ ಮನೆಯ ಪರಿಚಯವಿಲ್ಲದವರ ಕೈಗೆ ಕೊಟ್ಟು ಹುಡುಗಿಯ ವಯಸ್ಸೆಷ್ಟು, ಎಂಥ ವರ ಬೇಕು, ಯಾವ ಪಂಗಡದವರು ಕರೆ ಮಾಡಬಹುದು ಎಂದು ಕೇಳಬೇಕು. ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಒಕ್ಕಣೆ ಸರಿಯಿದೆ. ಹಣ ಕಟ್ಟುವ ಮೊದಲು ಏಜೆನ್ಸಿ ತೋರಿಸುವ ಕರಡಚ್ಚಿನಲ್ಲಿ ಫೋನ್ ಸಂಖ್ಯೆಯ ಹತ್ತೂ ಅಂಕಿಗಳನ್ನು ಒಬ್ಬರು ಓದಿ, ಇನ್ನೊಬ್ಬರು ಮೊಬೈಲಿನಲ್ಲಿ ಒತ್ತಿ ನೋಡಬೇಕು. ಉಳಿದ 19 ಪದಗಳು ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ಒಂದು ಅಂಕಿ ತಪ್ಪಿದರೆ ಬಂದ ಕರೆಗಳೆಲ್ಲ ಬೇರೆಯವರ ಮನೆಗೆ ಹೋಗುತ್ತವೆ.