ಕಿನ್ನಾಳ ಗೊಂಬೆ ಹುಡುಕುವವರಿಗೆ ಸಿಗಬೇಕಾದರೆ: ಅಡಿಬರಹದಲ್ಲಿ ಇರಬೇಕಾದ ಪದಗಳು

ಕೊಪ್ಪಳ ತಾಲ್ಲೂಕಿನ ಕಿನ್ನಾಳ ಗ್ರಾಮದಲ್ಲಿ ಚಿತ್ರಗಾರ ಮನೆತನಗಳು ತಯಾರಿಸುವ ಮರದ ಗೊಂಬೆಗಳಿಗೆ ಅಂತರ್ಜಾಲದಲ್ಲಿ ಒಂದಕ್ಕಿಂತ ಹೆಚ್ಚು ಹೆಸರುಗಳಿವೆ. ಕನ್ನಡಿಗರು ಅದನ್ನು ಕಿನ್ನಾಳ ಗೊಂಬೆ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವವರು ಸಾಮಾನ್ಯವಾಗಿ `Kinnal` ಎಂದು ಬರೆಯುತ್ತಾರೆ. ಭೌಗೋಳಿಕ ಗುರುತಿನ ದಾಖಲೆಯಲ್ಲಿ ಇರುವುದು ಮಾತ್ರ `Kinhal Toys`. ಊರೊಂದೇ, ಗೊಂಬೆಯೂ ಒಂದೇ. ಆದರೆ ಇನ್‌ಸ್ಟಾಗ್ರಾಂ ಅಥವಾ ಯೂಟ್ಯೂಬ್‌ನಲ್ಲಿ ಒಂದು ಕಾಗುಣಿತವನ್ನು ಟೈಪ್ ಮಾಡಿದವರಿಗೆ ಇನ್ನೊಂದು ಕಾಗುಣಿತದಲ್ಲಿ ಬರೆದ ಪೋಸ್ಟ್ ಕಾಣಿಸಿಯೇ ತೀರುತ್ತದೆ ಎಂಬ ಭರವಸೆ ಇಲ್ಲ. ಯಾವ ಹೆಸರನ್ನೂ ಬರೆಯದೆ ಕೇವಲ ಚಿತ್ರವನ್ನು ಹಾಕಿ, "ನಮ್ಮ ನಾಡಿನ ಹೆಮ್ಮೆ, ಬೆಲೆಗಾಗಿ ಸಂದೇಶ ಕಳುಹಿಸಿ" ಎಂದು ಬರೆದಿದ್ದರಂತೂ ಹುಡುಕುವವರಿಗೂ ಮಾರುವವರಿಗೂ ಭೇಟಿಯಾಗುವ ಸಂಭವವೇ ಕಡಿಮೆ.

ಹುಡುಕಾಟ ಯಾವುದನ್ನು ಓದುತ್ತದೆ?

ಇನ್‌ಸ್ಟಾಗ್ರಾಂನಲ್ಲಿ ಬಹುಕಾಲ ಹುಡುಕಾಟವೆಂದರೆ ಖಾತೆಯ ಹೆಸರು, ಹ್ಯಾಷ್‌ಟ್ಯಾಗ್ ಮತ್ತು ಸ್ಥಳ ಇಷ್ಟೇ ಆಗಿತ್ತು. 2020ರ ನವೆಂಬರ್‌ನಲ್ಲಿ ಆ ಸಂಸ್ಥೆಯು ಅಮೆರಿಕ, ಬ್ರಿಟನ್ ಸೇರಿದಂತೆ ಆರು ಇಂಗ್ಲಿಷ್ ಭಾಷಿಕ ದೇಶಗಳಲ್ಲಿ ಸಾಮಾನ್ಯ ಪದಗಳಿಂದಲೂ ಹುಡುಕುವ ಸೌಲಭ್ಯವನ್ನು ಆರಂಭಿಸಿತು. 2021ರ ಆಗಸ್ಟ್‌ನಲ್ಲಿ ಅದು ತನ್ನ ಹುಡುಕಾಟದ ರೀತಿಯನ್ನು ಬಹಿರಂಗವಾಗಿ ವಿವರಿಸಿತು. ಅದರ ಸಾರಾಂಶ ಹೀಗಿದೆ: ಬಳಕೆದಾರರು ಟೈಪ್ ಮಾಡಿದ ಪದಗಳನ್ನು ಖಾತೆಯ ಹೆಸರು, ಖಾತೆಯ ಪರಿಚಯ, ಅಡಿಬರಹ, ಹ್ಯಾಷ್‌ಟ್ಯಾಗ್ ಮತ್ತು ಸ್ಥಳದ ಹೆಸರುಗಳೊಂದಿಗೆ ಹೋಲಿಸಲಾಗುತ್ತದೆ. ಹೊಂದಿಕೆಯಾದವುಗಳಲ್ಲಿ ಯಾವುದು ಮೇಲೆ ಬರಬೇಕೆಂಬುದನ್ನು ಆ ಬಳಕೆದಾರರ ಹಿಂದಿನ ಆಸಕ್ತಿ ಹಾಗೂ ಪೋಸ್ಟಿನ ಜನಪ್ರಿಯತೆ ನಿರ್ಧರಿಸುತ್ತವೆ. ಪದಗಳನ್ನೂ ಹ್ಯಾಷ್‌ಟ್ಯಾಗ್‌ಗಳನ್ನೂ ಕೆಳಗಿನ ಪ್ರತಿಕ್ರಿಯೆಯಲ್ಲಿ ಅಲ್ಲ, ಅಡಿಬರಹದಲ್ಲಿಯೇ ಬರೆಯಬೇಕು ಎಂಬ ಸಲಹೆಯೂ ಅದರಲ್ಲಿತ್ತು.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಪದ ಹೊಂದಿಕೆಯಾಗುವುದು ಮೊದಲ ಹಂತ, ಜನಪ್ರಿಯತೆ ಎರಡನೆಯದು. ಹತ್ತು ಸಾವಿರ ಹಿಂಬಾಲಕರಿದ್ದರೂ ಅಡಿಬರಹದಲ್ಲಿ ಗೊಂಬೆ ಎಂಬ ಪದವೇ ಇಲ್ಲದಿದ್ದರೆ ಮೊದಲ ಹಂತದಲ್ಲಿಯೇ ಆ ಪೋಸ್ಟ್ ಹೊರಗುಳಿಯಬಹುದು. ಫೋಟೋದ ಮೇಲೆ ಅಂದವಾಗಿ ಬರೆಸಿದ ಅಕ್ಷರಗಳನ್ನು ಹುಡುಕಾಟವು ಓದುತ್ತದೆ ಎಂದು ನೆಚ್ಚಿಕೊಳ್ಳುವುದೂ ಸರಿಯಲ್ಲ. ಅದರಲ್ಲಿರುವ ಮಾಹಿತಿ ಅಡಿಬರಹದಲ್ಲಿ ಮತ್ತೊಮ್ಮೆ ಇರಬೇಕು. 2025ರ ಜುಲೈನಿಂದ ಇನ್‌ಸ್ಟಾಗ್ರಾಂನ ಸಾರ್ವಜನಿಕ ವೃತ್ತಿಪರ ಖಾತೆಗಳ ಪೋಸ್ಟ್‌ಗಳು ಗೂಗಲ್ ಹುಡುಕಾಟದಲ್ಲಿಯೂ ಕಾಣಿಸಿಕೊಳ್ಳಬಹುದಾಗಿದೆ. ಆದ್ದರಿಂದ ಅಡಿಬರಹದ ಪದಗಳಿಗೆ ಆ್ಯಪ್‌ನ ಹೊರಗೂ ಬೆಲೆ ಬಂದಿದೆ.

ಕನ್ನಡದ ವಿಶೇಷ ತೊಡಕು

ಇಂಗ್ಲಿಷಿಗಾಗಿ ಬರೆದ ಸಲಹೆಗಳನ್ನು ಕನ್ನಡಕ್ಕೆ ಹಾಗೆಯೇ ಅನ್ವಯಿಸಲಾಗದು. ಇಂಗ್ಲಿಷಿನಲ್ಲಿ ಊರಿನ ಹೆಸರು ವಾಕ್ಯದ ಎಲ್ಲಿಯೇ ಬಂದರೂ ಬದಲಾಗುವುದಿಲ್ಲ. ಕನ್ನಡದಲ್ಲಿ ಕಿನ್ನಾಳ ಎಂಬುದು ಕಿನ್ನಾಳದ, ಕಿನ್ನಾಳದಲ್ಲಿ, ಕಿನ್ನಾಳದಿಂದ ಎಂದು ರೂಪ ಬದಲಿಸುತ್ತದೆ. ಗೊಂಬೆ ಎಂಬುದು ಗೊಂಬೆಗಳನ್ನು, ಗೊಂಬೆಯಿದು ಎಂದಾಗುತ್ತದೆ. ಹುಡುಕುವವರು ಟೈಪ್ ಮಾಡುವುದು ಮಾತ್ರ ಬಹುತೇಕ "ಕಿನ್ನಾಳ ಗೊಂಬೆ" ಎಂಬ ಮೂಲರೂಪವನ್ನೇ. ಇಂಗ್ಲಿಷಿನ ಪದರೂಪಗಳನ್ನು ಗುರುತಿಸುವ ಮಟ್ಟಿಗೆ ಕನ್ನಡದ ವಿಭಕ್ತಿ ಮತ್ತು ಸಂಧಿಗಳನ್ನು ಈ ವ್ಯವಸ್ಥೆಗಳು ಬಿಡಿಸಿ ಓದುತ್ತವೆ ಎಂದು ನಂಬಿ ಕೂರುವುದು ಅಪಾಯಕರ.

ಪರಿಹಾರ ಸರಳವಾಗಿದೆ. ಅಡಿಬರಹದಲ್ಲಿ ಒಂದು ಬಾರಿಯಾದರೂ ಮುಖ್ಯ ಪದವು ಪ್ರತ್ಯಯವಿಲ್ಲದೆ, ಜನರು ಹುಡುಕುವ ಕ್ರಮದಲ್ಲಿಯೇ ಬರುವಂತೆ ವಾಕ್ಯವನ್ನು ಕಟ್ಟಬೇಕು. "ನಾವು ಕಿನ್ನಾಳದಲ್ಲಿ ಗೊಂಬೆಗಳನ್ನು ಮಾಡುತ್ತೇವೆ" ಎನ್ನುವುದರ ಬದಲು "ಇದು ಕಿನ್ನಾಳ ಗೊಂಬೆ" ಎಂದು ಆರಂಭಿಸಿದರೆ ಸಾಕು. ಭಾಷೆಯೂ ಕೃತಕವಾಗುವುದಿಲ್ಲ. ಊರಿನ ಹೆಸರನ್ನು ಕೊನೆಯಲ್ಲಿ ವಿಳಾಸದ ರೂಪದಲ್ಲಿ, "ಕಿನ್ನಾಳ, ಕೊಪ್ಪಳ ಜಿಲ್ಲೆ" ಎಂದು ಬರೆದಾಗ ಮೂಲರೂಪವು ತಾನಾಗಿಯೇ ಉಳಿಯುತ್ತದೆ.

ಇನ್ನೊಂದು ತೊಡಕು ಕಣ್ಣಿಗೆ ಬೇಗ ಬೀಳುವುದಿಲ್ಲ. ಡಿಟಿಪಿ ಅಂಗಡಿಗಳಲ್ಲಿ ಹಳೆಯ ನುಡಿ ಅಥವಾ ಅದರಂಥ ಫಾಂಟ್‌ಗಳಲ್ಲಿ ಟೈಪ್ ಮಾಡಿಸಿದ ಬರಹವು ಆ ಗಣಕದ ಪರದೆಯ ಮೇಲೆ ಮಾತ್ರ ಕನ್ನಡವಾಗಿರುತ್ತದೆ. ಅದನ್ನು ನಕಲು ಮಾಡಿ ಪೋಸ್ಟ್‌ಗೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸುತ್ತವೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಬರಹ ಮಾತ್ರ ಹುಡುಕಾಟಕ್ಕೆ ಒದಗುತ್ತದೆ. ಮೊಬೈಲ್‌ನ ಕನ್ನಡ ಕೀಲಿಮಣೆಯಲ್ಲಿ ನೇರವಾಗಿ ಬರೆದರೆ ಈ ಸಮಸ್ಯೆ ಉದ್ಭವಿಸುವುದಿಲ್ಲ.

ಒಂದು ಅಡಿಬರಹ, ಹಂತ ಹಂತವಾಗಿ

ಕಿನ್ನಾಳದ ಕುಶಲಕರ್ಮಿಯೊಬ್ಬರು ಗರುಡನ ಗೊಂಬೆಯೊಂದರ ಚಿತ್ರವನ್ನು ಹಾಕಬೇಕಾಗಿದೆ ಎಂದಿಟ್ಟುಕೊಳ್ಳಬಹುದು. ಮೊದಲು ಮಾಡಬೇಕಾದದ್ದು ಬರವಣಿಗೆಯಲ್ಲ, ಪದಗಳ ಪಟ್ಟಿ. ಹುಡುಕಾಟದ ಪೆಟ್ಟಿಗೆಯಲ್ಲಿ "ಕಿನ್ನಾಳ", `Kinnal`, `Kinhal` ಎಂದು ಒಂದೊಂದಾಗಿ ಟೈಪ್ ಮಾಡಿ, ಕೆಳಗೆ ತಾನಾಗಿ ಬರುವ ಸೂಚನೆಗಳನ್ನು ಬರೆದಿಟ್ಟುಕೊಳ್ಳಬೇಕು. ಅವು ಜನರು ಬಳಸುವ ಪದಗಳ ಸುಳಿವು ನೀಡುತ್ತವೆ. ಬಳಿಕ ಊರಿನ ಹೆಸರೇ ತಿಳಿಯದವರು ಏನೆಂದು ಹುಡುಕಿಯಾರು ಎಂದು ಯೋಚಿಸಬೇಕು. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ನವರಾತ್ರಿಗೆ ಗೊಂಬೆ ಕೂರಿಸುವ ಗೃಹಿಣಿಯರಿಗೆ ಕಿನ್ನಾಳ ತಿಳಿಯದಿರಬಹುದು, ಆದರೆ ಅವರು "ದಸರಾ ಗೊಂಬೆ" ಎಂದು ಖಂಡಿತವಾಗಿ ಹುಡುಕುತ್ತಾರೆ.

ಎರಡನೆಯ ಹಂತದಲ್ಲಿ ಈ ಪದಗಳು ವಸ್ತುವಿನ ವಿವರಣೆಯೊಳಗೇ ಬರುವಂತೆ ಬರೆಯಬೇಕು. ಉದಾಹರಣೆಗೆ:

"ಇದು ಕಿನ್ನಾಳ ಗೊಂಬೆ, ಗರುಡ. ಹಗುರವಾದ ಮರದಲ್ಲಿ ಕೆತ್ತಿ, ಹುಣಸೆ ಬೀಜದ ಅಂಟು ಬಳಸಿ, ಕೈಯಿಂದಲೇ ಬಣ್ಣ ಹಚ್ಚಿದ ಮರದ ಗೊಂಬೆ. ಎತ್ತರ 12 ಅಂಗುಲ. ದಸರಾ ಗೊಂಬೆ ಕೂರಿಸುವವರಿಗೂ ದೇವರ ಕೋಣೆಗೂ ಒಪ್ಪುತ್ತದೆ. ತಯಾರಾದ ಊರು: ಕಿನ್ನಾಳ, ಕೊಪ್ಪಳ ಜಿಲ್ಲೆ."

ಇದರ ಕೆಳಗೆ ಹೊರರಾಜ್ಯದವರಿಗಾಗಿ ಇಂಗ್ಲಿಷಿನ ಒಂದು ಸಾಲು:

```
Kinnal wooden toy, also spelt Kinhal, handmade in Koppal, Karnataka
```

ಇಲ್ಲಿ ಎರಡು ಕಾಗುಣಿತಗಳೂ ಬಂದಿವೆ, ಆದರೆ ಓದುಗರಿಗೆ ಅದು ಮಾಹಿತಿಯಾಗಿಯೇ ಕಾಣುತ್ತದೆ. "ಕಿನ್ನಾಳ ಗೊಂಬೆ", "ಮರದ ಗೊಂಬೆ", "ದಸರಾ ಗೊಂಬೆ" ಎಂಬ ಮೂರು ಹುಡುಕುಪದಗಳು ಮೂರು ಬೇರೆ ಕೆಲಸಗಳನ್ನು ಮಾಡುತ್ತವೆ: ಮೊದಲನೆಯದು ಹೆಸರು, ಎರಡನೆಯದು ವಸ್ತು, ಮೂರನೆಯದು ಉಪಯೋಗ. ಮುಖ್ಯ ಪದವು ಮೊದಲ ಸಾಲಿನಲ್ಲಿಯೇ ಇರುವುದು ಲೇಸು. ಏಕೆಂದರೆ ಉಳಿದ ಭಾಗವನ್ನು ಆ್ಯಪ್ ಮಡಚಿಡುತ್ತದೆ, ಹುಡುಕಿ ಬಂದವರು ಮೊದಲು ಓದುವುದು ಆ ಸಾಲನ್ನೇ. ಒಂದು ಪದ ಸಹಜವೋ ಅಲ್ಲವೋ ಎಂಬುದಕ್ಕೆ ಸುಲಭ ಪರೀಕ್ಷೆಯೆಂದರೆ ಗಟ್ಟಿಯಾಗಿ ಓದುವುದು. ಅಂಗಡಿಗೆ ಬಂದ ಗಿರಾಕಿಗೆ ಹೇಳಲಾಗದ ವಾಕ್ಯ ಅಡಿಬರಹದಲ್ಲಿಯೂ ಸಲ್ಲದು.

ಪದಗಳನ್ನು ತುರುಕಿದರೆ

ಹೆಚ್ಚು ಜನ ಹುಡುಕುವ ಹೆಸರನ್ನು ಸೇರಿಸಿಬಿಟ್ಟರೆ ಹೇಗೆ ಎಂಬ ಆಸೆ ಸಹಜ. ಕಿನ್ನಾಳ ಗೊಂಬೆಯ ಚಿತ್ರಕ್ಕೆ ಚನ್ನಪಟ್ಟಣ ಗೊಂಬೆ ಎಂದು ಬರೆಯುವುದು ಇದಕ್ಕೆ ಉದಾಹರಣೆ. ಆದರೆ ಇವೆರಡೂ ಬೇರೆ ಬೇರೆ ಭೌಗೋಳಿಕ ಗುರುತು ಪಡೆದ ವಸ್ತುಗಳು. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರುವುದು 1999ರ ಭೌಗೋಳಿಕ ಗುರುತು ಕಾಯ್ದೆಗೆ ವಿರುದ್ಧವಾದದ್ದು. ಚಿತ್ರಿಕೆ ಯಂತ್ರದಲ್ಲಿ ತಿರುಗಿಸಿ ಅರಗಿನ ಬಣ್ಣ ಹಚ್ಚಿದ ಆಟಿಕೆಯನ್ನು ನಿರೀಕ್ಷಿಸಿ ಬಂದವರು ಕೆತ್ತನೆಯ ಗೊಂಬೆಯನ್ನು ಕಂಡು ಕೂಡಲೇ ಹಿಂದಿರುಗುತ್ತಾರೆ. ಇದರಿಂದ ಮಾರುವವರಿಗೆ ಯಾವ ಲಾಭವೂ ಇಲ್ಲ.

ಯೂಟ್ಯೂಬ್‌ನ ನಿಯಮಗಳು ಈ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ವೀಡಿಯೊಗೆ ಸಂಬಂಧವಿಲ್ಲದ ಪದಗಳಿಂದ ಜನರನ್ನು ದಾರಿ ತಪ್ಪಿಸುವುದನ್ನೂ, ವಿವರಣೆಯ ಜಾಗದಲ್ಲಿ ಪದಗಳ ರಾಶಿ ಹಾಕುವುದನ್ನೂ ಅದು ನಿಷೇಧಿಸಿದೆ. ಅಂಥ ವೀಡಿಯೊಗಳನ್ನು ತೆಗೆದುಹಾಕಬಹುದು. ಪ್ರತ್ಯೇಕವಾಗಿ ನೀಡುವ ಟ್ಯಾಗ್‌ಗಳ ಪಾತ್ರ ತೀರಾ ಅಲ್ಪವೆಂದೂ, ಹೆಸರನ್ನು ಜನ ತಪ್ಪಾಗಿ ಬರೆಯುವ ಸಂದರ್ಭದಲ್ಲಿ ಅವು ಉಪಯುಕ್ತವೆಂದೂ ಅದು ತಿಳಿಸಿದೆ. `Kinnal`, `Kinhal` ಗೊಂದಲಕ್ಕೆ ಟ್ಯಾಗ್ ಸರಿಯಾದ ಜಾಗ. ಆದರೆ ಮುಖ್ಯ ಪದ ಶೀರ್ಷಿಕೆಯಲ್ಲಿಯೇ ಇರಬೇಕು.

ಗಂಗಾವತಿ, ಯಲಬುರ್ಗಾ, ಕುಷ್ಟಗಿ

ಜಿಲ್ಲೆಯ ಇತರೆಡೆಗಳಲ್ಲಿ ತೊಡಕಿನ ಸ್ವರೂಪ ಸ್ವಲ್ಪ ಬೇರೆ. ಗಂಗಾವತಿಯನ್ನು ಇಂಗ್ಲಿಷಿನಲ್ಲಿ `Gangavathi` ಎಂದೂ `Gangavati` ಎಂದೂ ಬರೆಯಲಾಗುತ್ತದೆ. ಖಾತೆಯ ಹೆಸರಿನಲ್ಲಿ ಒಂದು ರೂಪವಿದ್ದರೆ ಪರಿಚಯದಲ್ಲಿ ಇನ್ನೊಂದನ್ನು ಬಳಸಬಹುದು. ಆನೆಗೊಂದಿಯಲ್ಲಿ ವಸತಿ ಒದಗಿಸುವವರು, ಪ್ರವಾಸಿಗರು ಹುಡುಕುವುದು ಹಂಪಿ ಅಥವಾ ಅಂಜನಾದ್ರಿ ಬೆಟ್ಟ ಎಂಬುದನ್ನು ಮರೆಯಬಾರದು. "ಅಂಜನಾದ್ರಿ ಬೆಟ್ಟದ ಸಮೀಪ, ಆನೆಗೊಂದಿ" ಎಂಬುದು ಸತ್ಯವೂ ಹೌದು, ಹುಡುಕುಪದವೂ ಹೌದು. ವಸತಿಯು ಹಂಪಿಯಲ್ಲಿಯೇ ಇದೆ ಎಂಬಂತೆ ಬರೆದರೆ ಅದು ತಪ್ಪು ಮಾಹಿತಿ.

ಇಟಗಿಯ ಸಮಸ್ಯೆ ಹೆಸರಿನದೇ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ದೇವಾಲಯ ಇಲ್ಲಿದೆ. ಆದರೆ ಇಟಗಿ ಎಂಬ ಊರುಗಳು ರಾಜ್ಯದಲ್ಲಿ ಬೇರೆಡೆಯೂ ಇವೆ. ಜತೆಗೆ ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದ ಈ ಗ್ರಾಮ ಈಗ ಕುಕನೂರು ತಾಲ್ಲೂಕಿಗೆ ಸೇರಿದೆ. ಹಳೆಯ ಪುಸ್ತಕ ಓದಿದವರು ಯಲಬುರ್ಗಾ ಎಂದೇ ಹುಡುಕುತ್ತಾರೆ. "ಇಟಗಿ ಮಹಾದೇವ ದೇವಾಲಯ, ಕುಕನೂರು ತಾಲ್ಲೂಕು, ಹಿಂದಿನ ಯಲಬುರ್ಗಾ ತಾಲ್ಲೂಕು" ಎಂದು ಬರೆದರೆ ಇಬ್ಬರಿಗೂ ಸಿಗುತ್ತದೆ. ಕುಷ್ಟಗಿಯಲ್ಲಿ ಇಳಕಲ್ ಸೀರೆ ಮಾರುವವರು "ಹೊಸ ಸಂಗ್ರಹ ಬಂದಿದೆ" ಎಂಬುದರ ಜತೆಗೆ ಇಳಕಲ್ ಸೀರೆ, ಟೋಪ್ ತೆನೆ ಸೆರಗು, ನೂಲಿನ ಬಗೆ ಇವನ್ನು ಹೆಸರಿಸಿದರೆ ಅವೇ ಹುಡುಕುಪದಗಳಾಗುತ್ತವೆ.

ಫಲ ತಿಳಿಯುವ ಬಗೆ

ಸ್ವಂತ ಮೊಬೈಲ್‌ನಲ್ಲಿ ಹುಡುಕಿ ನೋಡುವುದು ನಂಬಲರ್ಹ ಪರೀಕ್ಷೆಯಲ್ಲ, ಏಕೆಂದರೆ ಫಲಿತಾಂಶಗಳು ನೋಡುವವರ ಹಿಂದಿನ ಆಸಕ್ತಿಯನ್ನು ಅನುಸರಿಸುತ್ತವೆ. ಆ ಖಾತೆಯನ್ನು ಹಿಂಬಾಲಿಸದ ಬೇರೆಯವರ ಮೊಬೈಲ್‌ನಲ್ಲಿ ಒಂದೊಂದೇ ಪದವನ್ನು ಟೈಪ್ ಮಾಡಿಸಿ ನೋಡಬೇಕು. ಯೂಟ್ಯೂಬ್ ಬಳಸುವವರಿಗೆ ಇನ್ನೂ ಖಚಿತವಾದ ದಾರಿಯಿದೆ. `YouTube Studio` ಒಳಗೆ ನೋಡುಗರು ಎಲ್ಲಿಂದ ಬಂದರೆಂಬ ಪಟ್ಟಿಯಲ್ಲಿ `YouTube search` ಎಂಬುದನ್ನು ತೆರೆದರೆ, ಯಾವ ಪದಗಳನ್ನು ಟೈಪ್ ಮಾಡಿ ಜನರು ವೀಡಿಯೊ ತಲುಪಿದರೆಂಬುದು ಕಾಣುತ್ತದೆ. ಅಲ್ಲಿ `Kinhal` ಹೆಚ್ಚಾಗಿದ್ದರೆ ಮುಂದಿನ ಶೀರ್ಷಿಕೆಯಲ್ಲಿ ಅದಕ್ಕೇ ಜಾಗ ನೀಡಬೇಕು.

ಪದಗಳು ಸರಿಯಾಗಿದ್ದ ಮಾತ್ರಕ್ಕೆ ಹೊಸ ಖಾತೆಯೊಂದು "ದಸರಾ ಗೊಂಬೆ"ಯಂಥ ಪೈಪೋಟಿಯ ಹುಡುಕಾಟದಲ್ಲಿ ಮೇಲೇರುತ್ತದೆ ಎನ್ನಲಾಗದು. ಆದರೆ "ಕಿನ್ನಾಳ ಗರುಡ ಗೊಂಬೆ"ಯಂಥ ನಿರ್ದಿಷ್ಟ ಹುಡುಕಾಟದಲ್ಲಿ ಪೈಪೋಟಿ ಕಡಿಮೆ, ಹುಡುಕುವವರಿಗೆ ಬೇಕಾದದ್ದೂ ಅದೇ. ಇನ್‌ಸ್ಟಾಗ್ರಾಂ, ಯೂಟ್ಯೂಬ್ ಎರಡರಲ್ಲಿಯೂ ಹಳೆಯ ಪೋಸ್ಟ್‌ಗಳ ಬರಹವನ್ನು ತಿದ್ದಲು ಅವಕಾಶವಿದೆ. ಹೆಸರಿಲ್ಲದೆ ಬಿದ್ದಿರುವ ಹಳೆಯ ಚಿತ್ರಗಳಿಗೆ ಒಂದೊಂದು ಸರಿಯಾದ ಮೊದಲ ಸಾಲು ಬರೆಯುವ ಕೆಲಸವನ್ನು ನವರಾತ್ರಿಗೆ ಕೆಲವು ವಾರಗಳ ಮುನ್ನವೇ ಮುಗಿಸುವುದು ಒಳಿತು. ಗೊಂಬೆ ಕೊಳ್ಳುವವರು ಹುಡುಕಲು ಆರಂಭಿಸುವುದು ಹಬ್ಬದ ದಿನವಲ್ಲ, ಅದಕ್ಕೆ ಮೊದಲು.