ಎಲ್ಲರಿಗೂ ಕಂಡ ತಪ್ಪು ಬೆಲೆ

ಸುದ್ದಿಯೆಲ್ಲ ಆಗಲೇ ಷೇರಿನ ಬೆಲೆಯಲ್ಲಿ ಸೇರಿಹೋಗಿರುತ್ತದೆ ಎಂಬುದು ಯೂಜೀನ್ ಫಾಮಾ ವಾದ. ನಿಮಗೆ ಅಗ್ಗವೆಂದು ಕಂಡದ್ದು ಸಾವಿರಾರು ವೃತ್ತಿಪರರಿಗೂ ಕಂಡಿರುತ್ತದೆ. ಅವರು ಕೊಳ್ಳುತ್ತಿದ್ದಂತೆ ಬೆಲೆ ಏರಿ ಲಾಭ ಕರಗುತ್ತದೆ. ಮಾರುಕಟ್ಟೆಯನ್ನು ವರ್ಷವರ್ಷವೂ ಮೀರಿಸುವುದು ಕಷ್ಟ ಎನ್ನುವುದು ಇದಕ್ಕೇ.

ಆದರೆ 2000ರ ಮಾರ್ಚ್ 2ರಂದು ಅಮೆರಿಕದಲ್ಲಿ ಆದದ್ದು ನೋಡಿ. ತ್ರೀಕಾಮ್ ಕಂಪನಿ ತನ್ನ ಅಂಗಸಂಸ್ಥೆ ಪಾಮ್‌ನ ಸುಮಾರು ಶೇ 5ರಷ್ಟು ಷೇರು ಮಾರಿತು. ಉಳಿದದ್ದನ್ನು ತನ್ನ ಷೇರುದಾರರಿಗೆ, ಒಂದಕ್ಕೆ ಸುಮಾರು ಒಂದೂವರೆಯಂತೆ, ಮುಂದೆ ಹಂಚುವುದಾಗಿ ಹೇಳಿತ್ತು. ಅಂದು ಪಾಮ್ ಬೆಲೆ 95 ಡಾಲರ್‌ಗೆ ನಿಂತಿತು. ಆ ಲೆಕ್ಕಕ್ಕೆ ತ್ರೀಕಾಮ್ ಕನಿಷ್ಠ 142 ಇರಬೇಕಿತ್ತು, ಇದ್ದದ್ದು 82!

ತಪ್ಪೇನೋ ಎಲ್ಲರಿಗೂ ಕಾಣುತ್ತಿತ್ತು. ಲಾಭಕ್ಕೆ ಪಾಮ್ ಷೇರನ್ನು ಎರವಲು ತಂದು ಮಾರಬೇಕು. ಎರವಲೇ ಸಿಗುವುದು ದುರ್ಲಭವಾಗಿತ್ತು. ಅದು ಸಿಗತೊಡಗಿದ ಮೇಲೆ, ಕೆಲವು ತಿಂಗಳಲ್ಲಿ, ಆ ಅಸಂಗತಿ ಮಾಯವಾಯಿತು.