ನಿನ್ನೆಯ ಸಿಗ್ನಲ್, ಇಂದಿನ ಲಾಭ

ಬೆಲೆ ಐವತ್ತು ದಿನಗಳ ಸರಾಸರಿಯ ಮೇಲೆ ಮುಗಿದರೆ ಕೊಳ್ಳಿ, ಕೆಳಗಿಳಿದರೆ ಮಾರಿ. ಷೇರುಪೇಟೆಯಲ್ಲಿ ಈ ಸಲಹೆ ಎಲ್ಲರ ಬಾಯಲ್ಲೂ ಇದೆ. ಕಳೆದ ಹತ್ತು ವರ್ಷ ಹೀಗೇ ನಡೆದುಕೊಂಡಿದ್ದರೆ ಕೈಯಲ್ಲಿ ಎಷ್ಟು ಉಳಿಯುತ್ತಿತ್ತು? ಹಳೆಯ ಬೆಲೆಗಳ ಮೇಲೆ ನಿಯಮವನ್ನು ಓಡಿಸಿ ನೋಡುವ ಈ ಲೆಕ್ಕಕ್ಕೆ ಬ್ಯಾಕ್‌ಟೆಸ್ಟ್ ಎನ್ನುತ್ತಾರೆ. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಗೊತ್ತಿದ್ದರೆ ಸಾಕು.

ನಿಫ್ಟಿ ಸೂಚ್ಯಂಕವನ್ನೇ ಕೊಳ್ಳಲಾಗದು. ಹಾಗಾಗಿ ಅದರ ಜೊತೆ ಏರಿಳಿಯುವ ನಿಫ್ಟಿ ಬೀಸ್ ಇಟಿಎಫ್ ತೆಗೆದುಕೊಳ್ಳೋಣ. A ಕಾಲಂನಲ್ಲಿ ದಿನಾಂಕ, B ಕಾಲಂನಲ್ಲಿ ಮುಕ್ತಾಯದ ಬೆಲೆ. ಎರಡನೇ ಸಾಲಿನಿಂದ ತುಂಬಿ. ಐವತ್ತನೇ ಬೆಲೆ ಬರುವುದು 51ನೇ ಸಾಲಿಗೆ. ಅಲ್ಲಿಂದ ಲೆಕ್ಕ ಶುರು:

```
C51  =AVERAGE(B2:B51)
D51  =IF(B51>C51,1,0)
G51  100000
C52  =AVERAGE(B3:B52)
D52  =IF(B52>C52,1,0)
E52  =D51
F52  =B52/B51-1
G52  =G51*(1+E52*F52)
```

52ನೇ ಸಾಲನ್ನು ಕೊನೆಯವರೆಗೆ ಎಳೆಯಿರಿ. D ಸಿಗ್ನಲ್, E ಪೊಸಿಷನ್, F ಆ ದಿನದ ಏರಿಳಿತ, G ನಿಮ್ಮ ಹಣ. G ಕಾಲಂ ಆರಿಸಿ ಲೈನ್ ಚಾರ್ಟ್ ಹಾಕಿದರೆ ಅದೇ ಈಕ್ವಿಟಿ ಕರ್ವ್.

ಇಡೀ ಹಾಳೆಯ ಜೀವ ಇರುವುದು E52ರಲ್ಲಿ. ಅದು ಪಕ್ಕದ ಸಿಗ್ನಲ್ ನೋಡುವುದಿಲ್ಲ, ಮೇಲಿನ ಸಾಲಿನದನ್ನು ನೋಡುತ್ತದೆ. ಸರಾಸರಿ 101ರ ಆಸುಪಾಸಿನಲ್ಲಿದೆ ಎನ್ನಿ. ಸೋಮವಾರ ಬೆಲೆ 100, ಸಿಗ್ನಲ್ ಸೊನ್ನೆ. ಮಂಗಳವಾರ 104, ಸಿಗ್ನಲ್ ಒಂದು. ಬುಧವಾರ 103. ಅದೇ ಸಾಲಿನ ಸಿಗ್ನಲ್ ಬಳಸಿದರೆ ಮಂಗಳವಾರದ ಶೇ 4 ಏರಿಕೆಯೂ ನಿಮ್ಮ ಖಾತೆಗೆ ಸೇರಿ, ಲಕ್ಷ ರೂಪಾಯಿ ಬುಧವಾರಕ್ಕೆ 1,03,000 ಆಗುತ್ತದೆ. ಆದರೆ ಸಿಗ್ನಲ್ ಬಂದದ್ದೇ ಆ ಏರಿಕೆ ಮುಗಿದ ಮೇಲೆ! ಒಂದು ಸಾಲು ಸರಿಸಿದರೆ ಸಿಗುವ ಲೆಕ್ಕ 99,038. ಮೊದಲನೆಯದು ನಾಳೆಯ ಪತ್ರಿಕೆ ಓದಿ ಇಂದು ಪಂದ್ಯ ಕಟ್ಟಿದ ಹಾಗೆ.

ಇಲ್ಲೂ ಒಂದು ಸಡಿಲಿಕೆ ಉಳಿದಿದೆ. ಸಿಗ್ನಲ್ ಹುಟ್ಟಿಸಿದ ಮುಕ್ತಾಯದ ಬೆಲೆಗೇ ಕೊಂಡೆವು ಎಂದು ಹಾಳೆ ಭಾವಿಸುತ್ತದೆ. ನಿಜದಲ್ಲಿ ಅಷ್ಟರಲ್ಲಿ ಪೇಟೆ ಮುಚ್ಚಿರುತ್ತದೆ. E53ರಲ್ಲಿ `=D51` ಎಂದು ಬರೆದು ಕೆಳಗೆಳೆದರೆ ಮರುದಿನದ ಮುಕ್ತಾಯಕ್ಕೆ ಕೊಂಡ ಲೆಕ್ಕವಾಗುತ್ತದೆ. E52ರಲ್ಲಿ ಸೊನ್ನೆ ಇಡಿ. ಈ ಒಂದು ದಿನದ ತಡಕ್ಕೇ ಲಾಭ ಕರಗಿಹೋದರೆ ಅಂಥ ನಿಯಮವನ್ನು ನಾನಂತೂ ನೆಚ್ಚಿಕೊಳ್ಳುವುದಿಲ್ಲ. ದಲ್ಲಾಳಿ ಶುಲ್ಕ, ತೆರಿಗೆಗೆಂದು ಪೊಸಿಷನ್ ಬದಲಾದಾಗಲೆಲ್ಲ ಸಾವಿರಕ್ಕೆ ಒಂದು ರೂಪಾಯಿ ಕಳೆಯುವುದಾದರೆ ಸೂತ್ರ ಹೀಗೆ:

```
G52  =G51*(1+E52*F52-ABS(E52-E51)*0.001)
```

ಕರ್ವ್ ಒಮ್ಮೆಲೇ ಪಾತಾಳಕ್ಕೆ ಬಿದ್ದರೆ ನಿಯಮವನ್ನು ಬೈಯುವ ಮೊದಲು F ಕಾಲಂ ನೋಡಿ. 2019ರ ಡಿಸೆಂಬರ್‌ನಲ್ಲಿ ನಿಫ್ಟಿ ಬೀಸ್‌ನ ಒಂದು ಯೂನಿಟ್ ಹತ್ತಾಯಿತು, ಬೆಲೆ ಹತ್ತರಲ್ಲೊಂದಾಯಿತು. ಸರಿಪಡಿಸದ ದತ್ತಾಂಶದಲ್ಲಿ ಇದು ಶೇ 90ರ ಕುಸಿತದಂತೆ ಕಾಣುತ್ತದೆ. ಅದಕ್ಕೂ ಹಿಂದಿನ ಬೆಲೆಗಳನ್ನೆಲ್ಲ ಹತ್ತರಿಂದ ಭಾಗಿಸಿ.

ಕೊನೆಗೆ H51ರಲ್ಲೂ ಒಂದು ಲಕ್ಷ ಇಟ್ಟು, H52ರಲ್ಲಿ `=H51*(1+F52)` ಬರೆದು ಎಳೆಯಿರಿ. ಇದು ಕೊಂಡು ಸುಮ್ಮನೆ ಕುಳಿತವರ ಗೆರೆ. ಎರಡನ್ನೂ ಒಂದೇ ಚಾರ್ಟ್‌ನಲ್ಲಿ ಹಾಕಿ. ಪೇಟೆ ದೀರ್ಘಕಾಲ ಕುಸಿದಾಗ ನಿಮ್ಮ ಗೆರೆ ಕಡಿಮೆ ಇಳಿದಿರಬೇಕು. ಬೆಲೆ ಸರಾಸರಿಯ ಸುತ್ತಲೇ ತೂಗಾಡುವ ತಿಂಗಳುಗಳಲ್ಲಿ ಅದು ಶುಲ್ಕ ಕಟ್ಟಿಕಟ್ಟಿಯೇ ಸವೆಯುತ್ತದೆ.